ಖಾತ್ರಿ ಲಾಭದ ಮಾತಿಲ್ಲದೆ ವಿಮಾ ಪಾಲಿಸಿಯನ್ನು ವಿವರಿಸುವ ಪೋಸ್ಟ್ ಬರೆಯುವುದು ಹೇಗೆ

ಜೀವ ವಿಮಾ ಏಜೆಂಟರ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಮತ್ತು ಫೇಸ್‌ಬುಕ್ ಪುಟಗಳಲ್ಲಿ ಪದೇ ಪದೇ ಕಾಣುವ ಒಂದು ಪೋಸ್ಟ್ ಹೀಗಿರುತ್ತದೆ:

"ತಿಂಗಳಿಗೆ ಸುಮಾರು ₹4,200 ಉಳಿಸಿ, 20 ವರ್ಷಕ್ಕೆ ₹19 ಲಕ್ಷ ಖಚಿತವಾಗಿ ಪಡೆಯಿರಿ! ಬ್ಯಾಂಕಿಗಿಂತ ಹೆಚ್ಚು ಲಾಭ. ತೆರಿಗೆ ಇಲ್ಲ. ಜೊತೆಗೆ ₹10 ಲಕ್ಷ ಜೀವ ವಿಮೆ ಉಚಿತ!"

ಇದನ್ನು ಹಾಕುವ ಏಜೆಂಟರಲ್ಲಿ ಹೆಚ್ಚಿನವರಿಗೆ ಮೋಸ ಮಾಡುವ ಉದ್ದೇಶವಿರುವುದಿಲ್ಲ. ಯಾರೋ ಕಳುಹಿಸಿದ ಚಿತ್ರವನ್ನು ಅವರು ತಮ್ಮ ಫೋನ್ ನಂಬರು ಸೇರಿಸಿ ಮುಂದಕ್ಕೆ ಕಳುಹಿಸಿರುತ್ತಾರೆ. ಆದರೆ 20 ವರ್ಷಗಳ ನಂತರ ಪಾಲಿಸಿ ಮುಗಿದಾಗ ₹16 ಲಕ್ಷ ಬಂದರೆ, ಗ್ರಾಹಕರು ಹುಡುಕಿಕೊಂಡು ಬರುವುದು ಕಂಪನಿಯ ಕಚೇರಿಗಲ್ಲ, ಅದೇ ಊರಿನಲ್ಲಿರುವ ಏಜೆಂಟರ ಮನೆಗೆ. ಬೋನಸ್ ಸೇರುವ ಎಂಡೋಮೆಂಟ್ ಪಾಲಿಸಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಂಡು, ಮೇಲಿನ ಪೋಸ್ಟನ್ನು ಸರಿಯಾಗಿ ಹೇಗೆ ಬರೆಯಬಹುದೆಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ನಮ್ಮ ಊರುಗಳಲ್ಲಿ ಅತಿ ಹೆಚ್ಚು ತಪ್ಪು ತಿಳುವಳಿಕೆ ಹುಟ್ಟುವುದು ಈ ಬಗೆಯ ಪಾಲಿಸಿಯ ಸುತ್ತಲೇ ಆದ್ದರಿಂದ ಅದನ್ನೇ ಆರಿಸಿಕೊಂಡಿದ್ದೇನೆ.

ಮೊದಲ ಹೆಜ್ಜೆ: ಒಪ್ಪಿಗೆ ಯಾವುದಕ್ಕೆ ಬೇಕು ಎಂದು ತಿಳಿಯುವುದು

ಏಜೆಂಟರು ಹಾಕುವ ಸ್ಟೇಟಸ್ ಕೂಡ ಜಾಹೀರಾತೇ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಲ್ಲರೂ ಐಆರ್‌ಡಿಎಐ ಎಂದು ಕರೆಯುವ ಸಂಸ್ಥೆಯ ನಿಯಮಗಳ ಪ್ರಕಾರ, ನಿರ್ದಿಷ್ಟ ಪಾಲಿಸಿಯ ಬಗ್ಗೆ ಏಜೆಂಟರು ಜಾಹೀರಾತು ಕೊಡುವ ಮೊದಲು ಆ ವಿಮಾ ಕಂಪನಿಯ ಲಿಖಿತ ಒಪ್ಪಿಗೆ ಪಡೆಯಬೇಕು. ಕಂಪನಿಯೇ ಸಿದ್ಧಪಡಿಸಿ ಕೊಟ್ಟ ಚಿತ್ರವನ್ನು ಬದಲಾಯಿಸದೆ ಬಳಸಬಹುದು. ನಿಮ್ಮ ಹೆಸರು, ವಿಳಾಸ, ಫೋನ್ ನಂಬರು, ಎಷ್ಟು ವರ್ಷದ ಅನುಭವವಿದೆ, ಯಾವ ಬಗೆಯ ವಿಮೆಗಳ ಸೇವೆ ಕೊಡುತ್ತೀರಿ ಎಂಬುದನ್ನಷ್ಟೇ ಹೇಳುವ ಸರಳ ಪೋಸ್ಟಿಗೂ ತೊಂದರೆಯಿಲ್ಲ. ಪಾಲಿಸಿಯ ಹೆಸರು, ಪ್ರೀಮಿಯಂ, ಸಿಗುವ ಮೊತ್ತ ಇವುಗಳಲ್ಲಿ ಯಾವುದಾದರೂ ಒಂದು ಬಂದ ಕೂಡಲೇ ಒಪ್ಪಿಗೆಯ ಪ್ರಶ್ನೆ ಏಳುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ, ಕಂಪನಿ ಕೊಟ್ಟ ಚಿತ್ರದ ಕೆಳಭಾಗದಲ್ಲಿರುವ ಸಣ್ಣ ಅಕ್ಷರಗಳ ಸೂಚನೆಯನ್ನು ಕತ್ತರಿಸಿ, ಆ ಜಾಗದಲ್ಲಿ ತಮ್ಮ ಭಾವಚಿತ್ರ ಹಾಕಿಕೊಳ್ಳುವುದು. ಹೀಗೆ ಕತ್ತರಿಸಿದ ಚಿತ್ರ ಕಂಪನಿ ಒಪ್ಪಿದ ಚಿತ್ರವಾಗಿ ಉಳಿಯುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಕೊಟ್ಟಿರುವ ಮಾದರಿಗಳನ್ನು ನಿಮ್ಮ ಪಾಲಿಸಿಗೆ ತಕ್ಕಂತೆ ತಿದ್ದಿಕೊಂಡು, ನಿಮ್ಮ ಡೆವಲಪ್‌ಮೆಂಟ್ ಆಫೀಸರ್ ಅಥವಾ ಶಾಖೆಯ ಮೂಲಕ ಬರಹದಲ್ಲಿ ಒಪ್ಪಿಗೆ ಪಡೆದ ನಂತರವೇ ಹಾಕಬೇಕು. ಒಂದೊಂದು ಪೋಸ್ಟಿಗೂ ಪ್ರತಿಸಲ ಓಡಾಡುವ ಬದಲು, ಮೂರು ನಾಲ್ಕು ಪೋಸ್ಟುಗಳನ್ನು ಒಟ್ಟಿಗೆ ಬರೆದು ಕೊಟ್ಟರೆ ಕೆಲಸ ಸುಲಭ.

ಎರಡನೆಯ ಹೆಜ್ಜೆ: ಖಚಿತವಾದದ್ದನ್ನೂ ಖಚಿತವಲ್ಲದ್ದನ್ನೂ ಬೇರ್ಪಡಿಸುವುದು

ಬರೆಯಲು ಕೂರುವ ಮೊದಲು ಒಂದು ಬಿಳಿ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಪಾಲಿಸಿ ಬಾಂಡಿನಲ್ಲಿ ಖಚಿತ ಎಂದು ಬರೆದಿರುವುದನ್ನೂ, ಬಲಕ್ಕೆ ಕಂಪನಿಯ ಲಾಭ ಅಥವಾ ಮಾರುಕಟ್ಟೆಯನ್ನು ಅವಲಂಬಿಸಿರುವುದನ್ನೂ ಬರೆದುಕೊಳ್ಳಬೇಕು. ಮಿಕ್ಕ ಕೆಲಸವೆಲ್ಲ ಇದರ ಮೇಲೆ ನಿಂತಿದೆ.

ನಮ್ಮ ಉದಾಹರಣೆಯ ಪಾಲಿಸಿಯನ್ನೇ ನೋಡೋಣ. ಇದು ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಪಾಲಿಸಿ. ವಿಮಾ ಮೊತ್ತ ₹10 ಲಕ್ಷ, ಅವಧಿ 20 ವರ್ಷ, ವರ್ಷದ ಪ್ರೀಮಿಯಂ ₹50,000. ಒಟ್ಟು ಕಟ್ಟುವ ಹಣ ₹10 ಲಕ್ಷ. ಅವಧಿ ಮುಗಿದಾಗ ವಿಮಾ ಮೊತ್ತ ಮತ್ತು ಅಲ್ಲಿಯವರೆಗೆ ಸೇರಿದ ಬೋನಸ್ ಸಿಗುತ್ತದೆ. ಬೋನಸ್ಸನ್ನು ಪ್ರತಿ ₹1,000 ವಿಮಾ ಮೊತ್ತಕ್ಕೆ ಇಷ್ಟು ಎಂದು ಕಂಪನಿ ವರ್ಷಕ್ಕೊಮ್ಮೆ ಘೋಷಿಸುತ್ತದೆ.

ಹಾಳೆಯ ಎಡಗಡೆ ಬರುವುದು ಅವಧಿ ಮುಗಿದಾಗ ಸಿಗುವ ವಿಮಾ ಮೊತ್ತ ₹10 ಲಕ್ಷ, ಅಷ್ಟೇ. ಕಟ್ಟಿದ್ದೂ ₹10 ಲಕ್ಷ, ಪಾಲಿಸಿ ಕೊಳ್ಳುವ ದಿನ ಖಾತ್ರಿಯಿರುವುದೂ ₹10 ಲಕ್ಷ. ಅಂದರೆ ಉಳಿತಾಯದ ದೃಷ್ಟಿಯಿಂದ ಮೊದಲ ದಿನ ಖಚಿತವಾಗಿರುವ ಲಾಭ ಸೊನ್ನೆ. ಈ ಮಾತು ಬಹಳಷ್ಟು ಏಜೆಂಟರಿಗೇ ಆಶ್ಚರ್ಯ ತರುತ್ತದೆ, ಏಕೆಂದರೆ ಅವರು ₹19 ಲಕ್ಷದ ಅಂಕಿಯನ್ನು ಎಷ್ಟು ಸಲ ಹೇಳಿರುತ್ತಾರೆಂದರೆ ಅದು ಬಾಂಡಿನಲ್ಲೇ ಅಚ್ಚಾಗಿದೆ ಎಂಬ ಭಾವನೆ ಬೆಳೆದುಬಿಟ್ಟಿರುತ್ತದೆ.

ಉಳಿದ ₹9 ಲಕ್ಷ ಬಂದದ್ದು ಬಲಗಡೆಯಿಂದ. ಸಾವಿರಕ್ಕೆ ₹45 ಬೋನಸ್ ಎಂದರೆ ₹10 ಲಕ್ಷಕ್ಕೆ ವರ್ಷಕ್ಕೆ ₹45,000, ಇಪ್ಪತ್ತು ವರ್ಷಕ್ಕೆ ₹9 ಲಕ್ಷ. ಈ ವರ್ಷದ ಬೋನಸ್ ದರವೇ ಮುಂದಿನ 19 ವರ್ಷವೂ ಹಾಗೆಯೇ ಇರುತ್ತದೆಂದು ಭಾವಿಸಿ ಮಾಡಿದ ಲೆಕ್ಕವಿದು. ಸರಾಸರಿ ದರ ಸಾವಿರಕ್ಕೆ ₹30ಕ್ಕೆ ಇಳಿದರೆ ಬೋನಸ್ ₹6 ಲಕ್ಷ, ಒಟ್ಟು ₹16 ಲಕ್ಷ. ವರ್ಷದ ಆರಂಭದಲ್ಲಿ ಪ್ರೀಮಿಯಂ ಕಟ್ಟಿದರೆಂದು ಹಿಡಿದು ಚಕ್ರಬಡ್ಡಿಯ ಲೆಕ್ಕ ಹಾಕಿದರೆ, ₹19 ಲಕ್ಷ ಬಂದಾಗ ವಾರ್ಷಿಕ ಪ್ರತಿಫಲ ಶೇ. 5.8ರ ಹತ್ತಿರ, ₹16 ಲಕ್ಷ ಬಂದಾಗ ಶೇ. 4.3ರ ಹತ್ತಿರ. "ದುಡ್ಡು ಡಬಲ್" ಎಂಬ ಮಾತು ಕಿವಿಗೆ ದೊಡ್ಡದಾಗಿ ಕೇಳಿಸಿದರೂ, ಇಪ್ಪತ್ತು ವರ್ಷದಲ್ಲಿ ಕಂತುಕಂತಾಗಿ ಕಟ್ಟಿದ ಹಣ ಸುಮಾರು ಎರಡರಷ್ಟಾಗುವುದೆಂದರೆ ಅದು ಶೇ. 6ರ ಆಸುಪಾಸಿನ ಪ್ರತಿಫಲ. ಹೀಗಾಗಿ ಪೋಸ್ಟಿನಲ್ಲಿ "ಡಬಲ್" ಎಂಬ ಪದವನ್ನೇ ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು. ಇಂತಹ ಪಾಲಿಸಿಯಲ್ಲಿ ಒಮ್ಮೆ ಘೋಷಿಸಿ ಪಾಲಿಸಿಗೆ ಸೇರಿಸಿದ ಬೋನಸ್ಸನ್ನು ಕಂಪನಿ ಮುಂದೆ ಹಿಂದಕ್ಕೆ ಪಡೆಯುವುದಿಲ್ಲ. ಅವಧಿ ಮುಗಿದಾಗಲೋ ಮರಣ ಸಂಭವಿಸಿದಾಗಲೋ ಅದನ್ನು ಕೊಡಬೇಕಾಗುತ್ತದೆ. ಆದ್ದರಿಂದ "ಬೋನಸ್ ಯಾವಾಗ ಬೇಕಾದರೂ ಹೋಗಬಹುದು" ಎಂದು ಬರೆಯುವುದೂ ತಪ್ಪೇ. ಈವರೆಗೆ ಸೇರಿದ್ದು ಎಡಗಡೆಗೆ ಬರುತ್ತದೆ, ಇನ್ನು ಮುಂದೆ ಬರಬೇಕಾದದ್ದು ಬಲಗಡೆಯಲ್ಲೇ ಉಳಿಯುತ್ತದೆ. ಆದರೆ ಪಾಲಿಸಿಯನ್ನು ನಡುವೆ ಸರೆಂಡರ್ ಮಾಡಿದರೆ ಸೇರಿದ ಬೋನಸ್ಸು ಪೂರ್ತಿಯಾಗಿ ಕೈಗೆ ಬರುವುದಿಲ್ಲ, ಅದರ ಸರೆಂಡರ್ ಮೌಲ್ಯ ಮಾತ್ರ ಸಿಗುತ್ತದೆ.

ಬೋನಸ್ ಏಕೆ ಬದಲಾಗುತ್ತದೆ ಎಂಬುದನ್ನು ಹೇಳುವುದು

"ಬೋನಸ್ ಖಚಿತವಲ್ಲ" ಎಂದಷ್ಟೇ ಬರೆದರೆ ಓದುಗರು ಅದನ್ನು ಕಾನೂನಿನ ಕಾಟಕ್ಕೆ ಬರೆದ ಸಾಲೆಂದು ಬಿಟ್ಟುಬಿಡುತ್ತಾರೆ. ಕಾರಣವನ್ನು ಎರಡು ವಾಕ್ಯದಲ್ಲಿ ಹೇಳಿದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಜೀವ ವಿಮಾ ಕಂಪನಿಗಳು ಇಂತಹ ಪಾಲಿಸಿಗಳ ಹಣದಲ್ಲಿ ಕನಿಷ್ಠ ಅರ್ಧದಷ್ಟನ್ನು ಸರ್ಕಾರಿ ಸಾಲಪತ್ರಗಳಲ್ಲಿ ಹಾಗೂ ಅಂತಹುದೇ ಅನುಮೋದಿತ ಪತ್ರಗಳಲ್ಲಿ ಹೂಡಬೇಕು. ಆ ಪತ್ರಗಳ ಬಡ್ಡಿ 1990ರ ದಶಕದ ಮಧ್ಯದಲ್ಲಿ ಶೇ. 12ಕ್ಕಿಂತ ಮೇಲಿತ್ತು, ಈಚಿನ ವರ್ಷಗಳಲ್ಲಿ ಶೇ. 6ರಿಂದ 7ರ ಸುತ್ತಮುತ್ತ ಇದೆ.

ಹಳೆಯ ಮೆಚ್ಯೂರಿಟಿ ಚೆಕ್ಕಿನ ಫೋಟೊ ಹಾಕುವ ಪದ್ಧತಿ ಏಕೆ ದಾರಿ ತಪ್ಪಿಸುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. 1995ರ ಸುಮಾರಿಗೆ ಪಾಲಿಸಿ ಮಾಡಿಸಿದವರಿಗೆ ಬಂದ ಹಣ ಆ ಕಾಲದ ಬಡ್ಡಿಯ ಫಲ. ಇಂದು ಪಾಲಿಸಿ ಮಾಡಿಸುವ ಮೂವತ್ತು ವರ್ಷದ ಶಿಕ್ಷಕರಿಗೆ ಆ ಚೆಕ್ಕು ಯಾವ ಮಾಹಿತಿಯನ್ನೂ ಕೊಡುವುದಿಲ್ಲ. ಗ್ರಾಹಕರ ಹೆಸರು, ಪಾಲಿಸಿ ಸಂಖ್ಯೆ, ಬ್ಯಾಂಕ್ ವಿವರ ಎಲ್ಲರಿಗೂ ಕಾಣುವಂತೆ ಹಾಕುವುದರಿಂದ ಅವರಿಗೆ ವಂಚಕರ ಕರೆಗಳು ಬರುವ ಅಪಾಯವೂ ಇದೆ.

ಮೂರನೆಯ ಹೆಜ್ಜೆ: ಶೇ. 4 ಮತ್ತು ಶೇ. 8ರ ಕೋಷ್ಟಕವನ್ನು ಸರಿಯಾಗಿ ಓದುವುದು

ಬೋನಸ್ ಪಾಲಿಸಿಗಳಿಗೂ, ಹಣವನ್ನು ಮಾರುಕಟ್ಟೆಯಲ್ಲಿ ತೊಡಗಿಸುವ ಯುಲಿಪ್‌ಗಳಿಗೂ ಕಂಪನಿ ಕೊಡುವ ಪ್ರಯೋಜನ ವಿವರಣಾ ಪತ್ರದಲ್ಲಿ ಎರಡು ಊಹೆಗಳ ಮೇಲೆ ಲೆಕ್ಕ ಇರುತ್ತದೆ: ಹೂಡಿಕೆಗೆ ಶೇ. 4 ಬಂದರೆ ಎಷ್ಟು, ಶೇ. 8 ಬಂದರೆ ಎಷ್ಟು. ಇದರಲ್ಲಿ ಎರಡು ತಪ್ಪು ಗ್ರಹಿಕೆಗಳು ನಡೆಯುತ್ತವೆ. ಮೊದಲನೆಯದು, ಶೇ. 4 ಕನಿಷ್ಠ, ಶೇ. 8 ಗರಿಷ್ಠ ಎಂದು ಹೇಳುವುದು. ಅವು ಮೇಲಿನ ಮಿತಿಯೂ ಅಲ್ಲ, ಕೆಳಗಿನ ಮಿತಿಯೂ ಅಲ್ಲ ಎಂದು ಆ ಪತ್ರದಲ್ಲೇ ಬರೆದಿರುತ್ತದೆ. ಎರಡನೆಯದು ಇನ್ನೂ ಹಾನಿಕರವಾದದ್ದು, ಏಕೆಂದರೆ ಅದನ್ನು ಗುರುತಿಸುವುದು ಕಷ್ಟ. ಆ ಶೇ. 8 ಕಂಪನಿಯ ಹೂಡಿಕೆಯ ಒಟ್ಟು ಗಳಿಕೆಯ ಬಗೆಗಿನ ಊಹೆ. ಅದರಿಂದ ಜೀವರಕ್ಷಣೆಯ ವೆಚ್ಚ, ಆಡಳಿತದ ಖರ್ಚು, ಏಜೆಂಟರ ಕಮಿಷನ್ ಕಳೆದ ಮೇಲೆ ಗ್ರಾಹಕರಿಗೆ ಸಿಗುವ ಪ್ರತಿಫಲ ಅದಕ್ಕಿಂತ ಕಡಿಮೆಯೇ. "ಶೇ. 8 ರಿಟರ್ನ್" ಎಂದು ಬರೆದ ಪೋಸ್ಟ್ ಈ ಕಾರಣಕ್ಕೆ ಎರಡು ಪಟ್ಟು ತಪ್ಪು.

ಕೋಷ್ಟಕವನ್ನು ಪೋಸ್ಟಿನಲ್ಲಿ ತೋರಿಸಲೇಬೇಕೆಂದಿದ್ದರೆ ಎರಡೂ ಅಂಕಣಗಳನ್ನು ಒಂದೇ ಗಾತ್ರದ ಅಕ್ಷರದಲ್ಲಿ, ಅದರ ಕೆಳಗಿನ ಸೂಚನೆಯ ಸಮೇತ ತೋರಿಸಬೇಕು. ಶೇ. 8ರ ಅಂಕಣವನ್ನಷ್ಟೇ ಕತ್ತರಿಸಿ ಹಾಕುವುದು ಅರ್ಧ ಸತ್ಯವನ್ನು ಹೇಳಿದಂತೆ.

ನಾಲ್ಕನೆಯ ಹೆಜ್ಜೆ: ಒಂದು ಪೋಸ್ಟಿಗೆ ಒಂದೇ ಪ್ರಶ್ನೆ

ಪಾಲಿಸಿಯ ಎಲ್ಲವನ್ನೂ ಒಂದೇ ಪೋಸ್ಟಿನಲ್ಲಿ ತುಂಬಿದರೆ ಯಾರೂ ಓದುವುದಿಲ್ಲ, ಮತ್ತು ಜಾಗ ಸಾಲದೆ ಮೊದಲು ಬಿಟ್ಟುಹೋಗುವುದು ಎಚ್ಚರಿಕೆಯ ಮಾತುಗಳೇ. ಗ್ರಾಹಕರು ನಿಜವಾಗಿ ಕೇಳುವ ಒಂದೊಂದು ಪ್ರಶ್ನೆಗೆ ಒಂದೊಂದು ಪೋಸ್ಟ್ ಬರೆಯುವುದು ಒಳ್ಳೆಯದು. ವಿಮೆ ಮಾಡುವುದೇ ಕುಟುಂಬದ ರಕ್ಷಣೆಗಾದ್ದರಿಂದ ಮೊದಲ ಪೋಸ್ಟ್ ಅದರ ಬಗ್ಗೆಯೇ ಇರಲಿ:

"ಈ ಪಾಲಿಸಿ ಮಾಡಿಸಿದವರು ಆರನೇ ವರ್ಷದಲ್ಲಿ ತೀರಿಕೊಂಡರೆ ಏನಾಗುತ್ತದೆ? ಅವರು ಅಷ್ಟರಲ್ಲಿ ಆರು ಕಂತು, ಅಂದರೆ ₹3 ಲಕ್ಷ ಕಟ್ಟಿರುತ್ತಾರೆ. ಪಾಲಿಸಿ ಚಾಲ್ತಿಯಲ್ಲಿದ್ದರೆ ನಾಮಿನಿಗೆ ₹10 ಲಕ್ಷ ವಿಮಾ ಮೊತ್ತ ಮತ್ತು ಅಲ್ಲಿಯವರೆಗೆ ಸೇರಿದ ಬೋನಸ್ ಸಿಗುತ್ತದೆ. ಮುಂದಿನ ಕಂತು ಕಟ್ಟಬೇಕಿಲ್ಲ. ಅರ್ಜಿಯಲ್ಲಿ ಆರೋಗ್ಯ ಮತ್ತು ತಂಬಾಕಿನ ಅಭ್ಯಾಸದ ಬಗ್ಗೆ ಸತ್ಯವನ್ನೇ ಬರೆದಿರಬೇಕು."

ಎರಡನೆಯದು ಹಣದ ಬಗ್ಗೆ. ಆರಂಭದಲ್ಲಿ ಕೊಟ್ಟ ತಪ್ಪು ಪೋಸ್ಟಿನ ಬದಲಿಗೆ ಬರಬೇಕಾದದ್ದು ಇದು:

"20 ವರ್ಷ ವರ್ಷಕ್ಕೆ ₹50,000 ಕಟ್ಟಿದರೆ ಒಟ್ಟು ₹10 ಲಕ್ಷ ಕಟ್ಟಿದಂತೆ. ಎಲ್ಲ ಕಂತು ಕಟ್ಟಿ ಅವಧಿ ಮುಗಿಸಿದರೆ ₹10 ಲಕ್ಷ ಖಚಿತ. ಅದರ ಮೇಲೆ ಬೋನಸ್ ಸೇರುತ್ತದೆ. ಎಷ್ಟು ಎಂಬುದನ್ನು ಕಂಪನಿ ಪ್ರತಿವರ್ಷ ತನ್ನ ಲಾಭ ನೋಡಿ ಘೋಷಿಸುತ್ತದೆ. ಸರಾಸರಿ ಸಾವಿರಕ್ಕೆ ₹30 ಬಂದರೆ ಒಟ್ಟು ₹16 ಲಕ್ಷ, ₹45 ಬಂದರೆ ₹19 ಲಕ್ಷ. ಇವೆರಡೂ ಉದಾಹರಣೆಗಳು, ಭರವಸೆಯಲ್ಲ. ಇದಕ್ಕಿಂತ ಕಡಿಮೆಯೂ ಬರಬಹುದು, ಹೆಚ್ಚೂ ಬರಬಹುದು."

ಇಲ್ಲಿ ಕಡಿಮೆ ಅಂಕಿಯನ್ನು ಮೊದಲು ಬರೆದಿರುವುದನ್ನು ಗಮನಿಸಬೇಕು. ಓದುಗರ ಮನಸ್ಸಿನಲ್ಲಿ ಮೊದಲು ಕಂಡ ಅಂಕಿ ಗಟ್ಟಿಯಾಗಿ ಕೂರುತ್ತದೆ; ಅದು ₹19 ಲಕ್ಷವಾದರೆ ಉಳಿದೆಲ್ಲ ವಿವರಣೆ ಅಲ್ಲಿಗೇ ಕೊಚ್ಚಿಹೋಗುತ್ತದೆ.

ಮೂರನೆಯ ಪೋಸ್ಟನ್ನು ಬರೆಯಲು ಹೆಚ್ಚಿನವರು ಹಿಂಜರಿಯುತ್ತಾರೆ, ಆದರೆ ಗ್ರಾಹಕರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ: ನಡುವೆ ನಿಲ್ಲಿಸಿದರೆ ಏನಾಗುತ್ತದೆ? ಐದು ಕಂತು, ಅಂದರೆ ₹2.5 ಲಕ್ಷ ಕಟ್ಟಿ ಐದನೇ ವರ್ಷದಲ್ಲಿ ಸರೆಂಡರ್ ಮಾಡಿದರೆ, ಖಾತ್ರಿ ಸರೆಂಡರ್ ಮೌಲ್ಯ ಸಾಮಾನ್ಯವಾಗಿ ಕಟ್ಟಿದ ಪ್ರೀಮಿಯಂನ ಅರ್ಧ, ಅಂದರೆ ₹1.25 ಲಕ್ಷ. ಸೇರಿದ ಬೋನಸ್ಸಿನ ಸರೆಂಡರ್ ಮೌಲ್ಯ ಅದಕ್ಕೆ ಕೂಡುತ್ತದೆ. ಕಂಪನಿ ಲೆಕ್ಕ ಹಾಕುವ ವಿಶೇಷ ಸರೆಂಡರ್ ಮೌಲ್ಯ ಇದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನ ಮೊತ್ತ ಸಿಗುತ್ತದೆ. 2024ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮದಂತೆ, ಮೊದಲ ವರ್ಷದ ಪೂರ್ತಿ ಪ್ರೀಮಿಯಂ ಕಟ್ಟಿ ಆ ವರ್ಷ ಮುಗಿಸಿದವರಿಗೂ ವಿಶೇಷ ಸರೆಂಡರ್ ಮೌಲ್ಯ ಸಿಗುವಂತಾಗಿದೆ. ಹಿಂದೆ ಒಂದೇ ವರ್ಷ ಕಟ್ಟಿ ನಿಲ್ಲಿಸಿದವರಿಗೆ ಸಾಮಾನ್ಯವಾಗಿ ಏನೂ ಸಿಗುತ್ತಿರಲಿಲ್ಲ. ಆದರೂ ಆರಂಭದ ವರ್ಷಗಳಲ್ಲಿ ಬಿಟ್ಟವರಿಗೆ ನಷ್ಟವೇ ಆಗುತ್ತದೆ ಎಂಬ ಮಾತನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ಅಡಿಕೆ ಅಥವಾ ಕಬ್ಬಿನ ಹಣ ವರ್ಷಕ್ಕೊಮ್ಮೆ ಕೈಗೆ ಬರುವ ಕುಟುಂಬಕ್ಕೆ ತಿಂಗಳ ಕಂತು ಹೊಂದುತ್ತದೆಯೇ, ಎರಡು ವರ್ಷ ಬೆಳೆ ಕೈಕೊಟ್ಟರೆ ಕಂತು ಕಟ್ಟಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಇದೇ ಪೋಸ್ಟಿನಲ್ಲಿ ಎತ್ತಬಹುದು.

ಪಾಲಿಸಿ ಬಾಂಡು ಕೈಸೇರಿದ ದಿನದಿಂದ 30 ದಿನದೊಳಗೆ ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು ಎಂಬುದಕ್ಕೂ ಒಂದು ಚಿಕ್ಕ ಪೋಸ್ಟ್ ಇರಲಿ. ಅಷ್ಟು ದಿನದ ರಕ್ಷಣೆಯ ವೆಚ್ಚ, ವೈದ್ಯಕೀಯ ತಪಾಸಣೆ ಮತ್ತು ಸ್ಟ್ಯಾಂಪಿನ ಖರ್ಚು ಕಳೆದು ಉಳಿದ ಹಣ ವಾಪಸಾಗುತ್ತದೆ. ಬಾಂಡಿನ ಜೊತೆ ಬರುವ ಗ್ರಾಹಕ ಮಾಹಿತಿ ಪತ್ರವನ್ನು ಮೊದಲು ಓದಲು ಹೇಳಿ.

ಐದನೆಯ ಹೆಜ್ಜೆ: ಪದಗಳನ್ನು ಸೋಸುವುದು

ಬರೆದ ಮೇಲೆ ಪೋಸ್ಟನ್ನು ಪದ ಪದವಾಗಿ ನೋಡಬೇಕು. "ಠೇವಣಿ", "ಬಡ್ಡಿ", "ಹೂಡಿಕೆ ಮಾಡಿ ಪಡೆಯಿರಿ" ಎಂಬ ಮಾತುಗಳು ಬ್ಯಾಂಕಿನ ವ್ಯವಹಾರದವು. ಪಾಲಿಸಿಗೆ ಬಳಸಿದರೆ ಯಾವಾಗ ಬೇಕಾದರೂ ಅಸಲು ಮರಳುತ್ತದೆ ಎಂಬ ಭಾವನೆ ಹುಟ್ಟುತ್ತದೆ. "ಪ್ರೀಮಿಯಂ", "ಬೋನಸ್", "ವಿಮಾ ಮೊತ್ತ" ಎಂಬ ಪದಗಳನ್ನೇ ಬಳಸಿ ಒಮ್ಮೆ ವಿವರಿಸುವುದು ಲೇಸು. "ಬ್ಯಾಂಕಿಗಿಂತ ಹೆಚ್ಚು" ಎಂಬುದನ್ನು ತೆಗೆದುಹಾಕಬೇಕು, ಏಕೆಂದರೆ ಹೋಲಿಸಲು ಹೊರಟರೆ ಅವಧಿ, ನಡುವೆ ಹಣ ತೆಗೆಯುವ ಸೌಲಭ್ಯ, ತೆರಿಗೆ ಎಲ್ಲವನ್ನೂ ಪಕ್ಕಪಕ್ಕ ಇಡಬೇಕಾಗುತ್ತದೆ. "ವಿಮೆ ಉಚಿತ" ಎಂಬುದು ಸುಳ್ಳು; ರಕ್ಷಣೆಯ ವೆಚ್ಚ ಪ್ರೀಮಿಯಂನೊಳಗೇ ಸೇರಿದೆ.

"ತೆರಿಗೆ ಇಲ್ಲ" ಎಂಬುದಕ್ಕೂ ಷರತ್ತುಗಳಿವೆ. ಪ್ರೀಮಿಯಂ ಮೇಲಿನ ತೆರಿಗೆ ವಿನಾಯಿತಿ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಸಿಗುವುದಿಲ್ಲ. 2023ರ ಏಪ್ರಿಲ್ 1ರಂದು ಅಥವಾ ಆನಂತರ ಪಡೆದ ಯುಲಿಪ್ ಅಲ್ಲದ ಪಾಲಿಸಿಗಳ ವರ್ಷದ ಒಟ್ಟು ಪ್ರೀಮಿಯಂ ₹5 ಲಕ್ಷ ದಾಟಿದರೆ, ಅವಧಿ ಮುಗಿದಾಗ ಬರುವ ಹಣದ ಮೇಲೆ ತೆರಿಗೆಯ ಪ್ರಶ್ನೆ ಬರುತ್ತದೆ. "ತೆರಿಗೆಯ ಅನುಕೂಲ ನಿಮ್ಮ ಪರಿಸ್ಥಿತಿ ಮತ್ತು ಆಗಿನ ಕಾನೂನಿನಂತೆ" ಎಂದು ಬರೆದರೆ ಸಾಕು.

ಹಾಗಾದರೆ "ಖಚಿತ" ಎಂಬ ಪದವನ್ನು ಎಲ್ಲಿಯೂ ಬಳಸುವಂತಿಲ್ಲವೇ? ಬಳಸಬಹುದು. ಬೋನಸ್ ಇಲ್ಲದ ಕೆಲವು ಪಾಲಿಸಿಗಳಲ್ಲಿ ಸಿಗುವ ಮೊತ್ತವನ್ನು ಬಾಂಡಿನಲ್ಲೇ ರೂಪಾಯಿಗಳಲ್ಲಿ ಬರೆದಿರುತ್ತಾರೆ. ಅಲ್ಲಿ ಆ ಮೊತ್ತವನ್ನು ಖಚಿತ ಎನ್ನುವುದು ಸತ್ಯ, ಆದರೆ ಎಲ್ಲ ಕಂತುಗಳನ್ನೂ ಕಟ್ಟಿ, ಪೂರ್ತಿ ಅವಧಿ ಪಾಲಿಸಿಯನ್ನು ಉಳಿಸಿಕೊಂಡವರಿಗೆ ಮಾತ್ರ. ಆ ಷರತ್ತು ಅದೇ ವಾಕ್ಯದಲ್ಲಿರಬೇಕು, ಕೆಳಗಿನ ಟಿಪ್ಪಣಿಯಲ್ಲಲ್ಲ. ಯುಲಿಪ್ ವಿಷಯದಲ್ಲಿ ಹೂಡಿಕೆಯ ಅಪಾಯ ಪಾಲಿಸಿದಾರರದೇ ಎಂಬ ಸೂಚನೆಯೂ, ಮೊದಲ ಐದು ವರ್ಷ ಹಣ ತೆಗೆಯುವಂತಿಲ್ಲ ಎಂಬ ಮಾತೂ ಕಡ್ಡಾಯವಾಗಿ ಕಾಣುವಂತಿರಬೇಕು.

ಇನ್ನೊಂದು ಮಾತು: "ಮೊದಲ ಕಂತು ನನ್ನಿಂದ", "ಕಮಿಷನ್‌ನಲ್ಲಿ ಅರ್ಧ ನಿಮಗೆ" ಎಂಬ ಆಮಿಷಗಳನ್ನು 1938ರ ವಿಮಾ ಕಾಯ್ದೆಯ 41ನೇ ಕಲಂ ನಿಷೇಧಿಸಿದೆ, ದಂಡ ₹10 ಲಕ್ಷದವರೆಗೆ ಆಗಬಹುದು.

ಪೋಸ್ಟ್ ಹಾಕಿದ ನಂತರ

ಪೋಸ್ಟ್ ಎಷ್ಟೇ ಎಚ್ಚರಿಕೆಯಿಂದ ಬರೆದಿದ್ದರೂ ಮಾತು ಜಾರುವುದು ಉತ್ತರಗಳಲ್ಲಿ. "ಅದೆಲ್ಲ ಇರಲಿ ಸಾರ್, ಕೊನೆಗೆ ಎಷ್ಟು ಬರುತ್ತೆ ಹೇಳಿ" ಎಂದು ಒಬ್ಬರು ಕೇಳಿದಾಗ, ಬೇಗ ಮಾತು ಮುಗಿಸುವ ಆತುರದಲ್ಲಿ "19 ಗ್ಯಾರಂಟಿ" ಎಂದು ಟೈಪ್ ಮಾಡಿದರೆ ಅಥವಾ ವಾಯ್ಸ್ ಮೆಸೇಜ್ ಕಳುಹಿಸಿದರೆ, ಮುಂದೆ ದೂರು ಬಂದಾಗ ಸಾಕ್ಷಿಯಾಗಿ ನಿಲ್ಲುವುದು ಆ ಒಂದು ಸಾಲೇ. ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು: "ಖಚಿತವಾಗಿ ₹10 ಲಕ್ಷ ಸಾರ್. ಮೇಲಿನದು ಬೋನಸ್ ಮೇಲೆ ಹೋಗುತ್ತದೆ. ನಿಮ್ಮ ವಯಸ್ಸು ಹೇಳಿದರೆ ಕಂಪನಿಯ ವಿವರಣಾ ಪತ್ರವನ್ನೇ ತೆಗೆದು ಕಳುಹಿಸುತ್ತೇನೆ, ಎರಡೂ ಲೆಕ್ಕ ಅದರಲ್ಲಿರುತ್ತದೆ." ಕಮಿಷನ್ ಎಷ್ಟು ಎಂದು ಕೇಳಿದರೆ ಹೇಳಬೇಕಾದದ್ದು ಏಜೆಂಟರ ನಡವಳಿಕೆ ಸಂಹಿತೆಯ ಭಾಗ, ಮುಜುಗರ ಪಡಬೇಕಿಲ್ಲ.

ಓದುಗರಿಗೆ ಅರ್ಥವಾಗಿದೆಯೇ ಎಂದು ತಿಳಿಯಲು ವಿಮೆಯ ಪರಿಚಯವಿಲ್ಲದ ಒಬ್ಬರಿಗೆ ಪೋಸ್ಟನ್ನು ಓದಿಸಿ, "ಇದರಲ್ಲಿ ಖಚಿತವಾಗಿ ಬರುವುದು ಎಷ್ಟು?" ಎಂದಷ್ಟೇ ಕೇಳಿ. ಅವರು ₹19 ಲಕ್ಷ ಎಂದರೆ, ಎಷ್ಟೇ ಸೂಚನೆಗಳಿದ್ದರೂ ಆ ಪೋಸ್ಟ್ ಇನ್ನೂ ತಪ್ಪು ಹೇಳುತ್ತಿದೆ ಎಂದರ್ಥ. ಸಾಮಾನ್ಯವಾಗಿ ಆ ಅಂಕಿ ದೊಡ್ಡ ಅಕ್ಷರದಲ್ಲೋ ಬೇರೆ ಬಣ್ಣದಲ್ಲೋ ಇರುತ್ತದೆ. ಅದನ್ನು ಉಳಿದ ಅಕ್ಷರಗಳ ಗಾತ್ರಕ್ಕೆ ಇಳಿಸಿ ಮತ್ತೊಬ್ಬರಿಗೆ ಓದಿಸಬೇಕು.

ಕೊನೆಯದಾಗಿ, ಪ್ರತಿ ಪೋಸ್ಟಿನ ಮೂಲೆಯಲ್ಲಿ ತಿಂಗಳು ಮತ್ತು ವರ್ಷ ನಮೂದಿಸಬೇಕು. ಕಂಪನಿ ಹೊಸ ಬೋನಸ್ ದರ ಘೋಷಿಸಿದಾಗ, ಪಾಲಿಸಿಯನ್ನು ಮಾರಾಟದಿಂದ ಹಿಂತೆಗೆದುಕೊಂಡಾಗ ಅಥವಾ ತೆರಿಗೆ ನಿಯಮ ಬದಲಾದಾಗ ಹಳೆಯ ಪೋಸ್ಟುಗಳನ್ನು ತೆಗೆದುಹಾಕಬೇಕು. ಒಪ್ಪಿಗೆಯ ಪತ್ರ ಮತ್ತು ಹಾಕಿದ ಚಿತ್ರದ ಪ್ರತಿಯನ್ನು ಮಾತ್ರ ಅಳಿಸದೆ, ದಿನಾಂಕದ ಸಮೇತ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಂಡಿರಬೇಕು.